ನಿಂತ ಮೆಷಿನ್‌ಗೆ ಏನು ನೆನಪಿರಬೇಕು?

ಎಲ್ಲರಿಗೂ ನಮಸ್ಕಾರ.

ಎಂಟು ಬಾಟಲಿಗಳಿಂದ ಮಾತು ಶುರು ಮಾಡುತ್ತೇನೆ. ನಾನು ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದ ಒಂದು ಫಿಲ್ಲಿಂಗ್ ಮೆಷಿನ್ ಇತ್ತು. ಎಂಟು ನಾಝಲ್‌ಗಳು, ಅರ್ಧ ಲೀಟರಿನ ಬಾಟಲಿಗಳು. ತುಂಬಿದ ಬಾಟಲಿ ಮುಂದೆ ಹೋಗುತ್ತದೆ, ಕ್ಯಾಪರ್ ಮುಚ್ಚಳ ಹಾಕುತ್ತದೆ, ಅದರಾಚೆ ತೂಕ ನೋಡುವ ಯಂತ್ರ. ಆಗೊಮ್ಮೆ ಈಗೊಮ್ಮೆ ಆ ತೂಕದ ಯಂತ್ರ ಒಟ್ಟಿಗೆ ಎಂಟು ಬಾಟಲಿಗಳನ್ನು ಹೊರಗೆ ತಳ್ಳುತ್ತಿತ್ತು. ತೆಗೆದು ನೋಡಿದರೆ ಎಲ್ಲದಕ್ಕೂ ಮುಚ್ಚಳ ಬಿಗಿಯಾಗಿ ಕೂತಿದೆ, ಒಳಗೆ ಮಾತ್ರ ಅರ್ಧಕ್ಕಿಂತ ಕಡಿಮೆ. ಏಳಲ್ಲ, ಒಂಬತ್ತಲ್ಲ, ಪ್ರತಿ ಸಲವೂ ಎಂಟೇ.

ಮೊದಲು ಎಲ್ಲರ ಕಣ್ಣೂ ನಾಝಲ್ ಮೇಲೆ ಹೋಯಿತು. ವಾಲ್ವ್ ಬಿಚ್ಚಿ ತೊಳೆದರು. ಫ್ಲೋಮೀಟರ್ ಸರಿಯಿದೆಯಾ ಅಂತ ಅಳೆದು ನೋಡಿದರು. ಎರಡು ಸೀಲ್ ಬದಲಾಯಿಸಿದರು. ಆದರೆ ಎಂಟೂ ನಾಝಲ್ ಒಂದೇ ಕ್ಷಣದಲ್ಲಿ ಕೆಟ್ಟು, ಮುಂದಿನ ಸುತ್ತಿಗೆ ತಾವೇ ಸರಿಹೋಗುವುದು ಸಾಧ್ಯವಿಲ್ಲ, ಅಲ್ವಾ? ತಪ್ಪು ಇದ್ದದ್ದು ಮೆಷಿನ್ ನಿಂತು ಮತ್ತೆ ಶುರುವಾಗುವ ರೀತಿಯಲ್ಲಿ. ಇವತ್ತು ನಾನು ಹೇಳಬೇಕಾದ್ದೆಲ್ಲ ಈ ಎಂಟು ಬಾಟಲಿಗಳ ಸುತ್ತಲೇ ಇದೆ.

ಪ್ಯಾಕ್‌ಎಂಎಲ್ ಬಗ್ಗೆ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಪ್ಯಾಕಿಂಗ್ ಮೆಷಿನ್‌ಗಳೆಲ್ಲ ತಮ್ಮ ಸ್ಥಿತಿಯನ್ನು ಒಂದೇ ಹೆಸರಿನಿಂದ, ಒಂದೇ ನಂಬರಿನಿಂದ ಹೇಳಬೇಕು ಅಂತ ಓಮ್ಯಾಕ್ ಎಂಬ ಸಂಸ್ಥೆಯ ಗುಂಪು ರೂಪಿಸಿದ ಮಾದರಿ ಅದು. 2008ರಲ್ಲಿ ಆಟೊಮೇಷನ್ ಕ್ಷೇತ್ರದ ಸಂಸ್ಥೆಯಾದ ಐಎಸ್‌ಎ ಅದನ್ನು `ISA-TR88.00.02` ಎಂಬ ತಾಂತ್ರಿಕ ವರದಿಯಾಗಿ ಪ್ರಕಟಿಸಿತು. ಅದರಲ್ಲಿ ಒಟ್ಟು 17 ಸ್ಥಿತಿಗಳಿವೆ. ಮೆಷಿನ್ ಯಾವಾಗ ನೋಡಿದರೂ ಇವುಗಳಲ್ಲಿ ಒಂದರಲ್ಲಿ, ಒಂದರಲ್ಲಿ ಮಾತ್ರ, ಇರುತ್ತದೆ.

ಹದಿನೇಳನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಅವುಗಳಲ್ಲಿ ಎರಡು ಜಾತಿ ಇವೆ ಅನ್ನುವುದು ಗೊತ್ತಿದ್ದರೆ ಸಾಕು. ಒಂದು ಜಾತಿಯಲ್ಲಿ ಮೆಷಿನ್ ಏನೋ ಕೆಲಸ ಮಾಡುತ್ತಿರುತ್ತದೆ: ಸ್ಟಾರ್ಟಿಂಗ್, ಹೋಲ್ಡಿಂಗ್, ಸ್ಟಾಪಿಂಗ್, ಅಬಾರ್ಟಿಂಗ್, ಕ್ಲಿಯರಿಂಗ್, ರೀಸೆಟಿಂಗ್. ಆ ಕೆಲಸ ಮುಗಿದಾಗ ಪ್ರೋಗ್ರಾಂ ಒಂದು ಬಿಟ್ ಎತ್ತುತ್ತದೆ. ಅದನ್ನು ಸ್ಟೇಟ್ ಕಂಪ್ಲೀಟ್ ಅನ್ನುತ್ತಾರೆ, ನಾವು ಬಾಯಲ್ಲಿ ಎಸ್‌ಸಿ ಅನ್ನುತ್ತೇವೆ. ಎಸ್‌ಸಿ ಬಂದರೆ ಮೆಷಿನ್ ತಾನಾಗಿಯೇ ಮುಂದಿನ ಸ್ಥಿತಿಗೆ ಹೋಗುತ್ತದೆ. ಇನ್ನೊಂದು ಜಾತಿಯಲ್ಲಿ ಮೆಷಿನ್ ಸುಮ್ನೆ ಕಾಯುತ್ತಿರುತ್ತದೆ: ಐಡಲ್, ಹೆಲ್ಡ್, ಸ್ಟಾಪ್ಡ್, ಅಬಾರ್ಟೆಡ್. ಯಾರಾದರೂ ಆಜ್ಞೆ ಕೊಡುವವರೆಗೆ ಅಲ್ಲಿಂದ ಕದಲುವುದಿಲ್ಲ. ನಡುವೆ ಎಕ್ಸಿಕ್ಯೂಟ್ ಇದೆ. ಬಾಟಲಿ ತುಂಬುವ ನಿಜವಾದ ಕೆಲಸ ನಡೆಯುವುದು ಅಲ್ಲೇ.

ಈಗ ಒಂದು ಪ್ರಶ್ನೆ. ಮೆಷಿನ್ ನಿಲ್ಲಿಸಲು ಹೋಲ್ಡ್, ಸ್ಟಾಪ್, ಅಬಾರ್ಟ್ ಅಂತ ಮೂರು ದಾರಿ ಯಾಕೆ ಬೇಕು? ಯಾವುದೇ ಗುಂಡಿ ಒತ್ತಿದರೂ ಕನ್ವೇಯರ್ ನಿಲ್ಲುತ್ತದೆ. ದೂರದಿಂದ ನೋಡುವವರಿಗೆ ಮೂರೂ ಒಂದೇ. ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಇದೆ ಅಂತ ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಅದು ನಿಜ. ಆದರೆ ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇದೆ. ನಿಂತ ಮೇಲೆ ತನ್ನೊಳಗಿರುವ ಬಾಟಲಿಗಳ ಬಗ್ಗೆ ಮೆಷಿನ್‌ಗೆ ಏನು ನೆನಪಿದೆ, ಆ ನೆನಪನ್ನು ನಂಬಬಹುದಾ ಅನ್ನುವುದು.

ಆ ನೆನಪು ಎಲ್ಲಿರುತ್ತದೆ ಅಂತ ಮೊದಲು ನೋಡೋಣ. ಈ ಮೆಷಿನ್‌ನಲ್ಲಿ ಒಂದು ಶಿಫ್ಟ್ ರಿಜಿಸ್ಟರ್ ಇತ್ತು. ಅದು ಸಾಲಾಗಿ ಇಟ್ಟ ಡಬ್ಬಿಗಳ ಹಾಗೆ. ಕನ್ವೇಯರ್ ಮೇಲಿನ ಪ್ರತಿ ಜಾಗಕ್ಕೆ ಒಂದು ಡಬ್ಬಿ, ಡಬ್ಬಿಯೊಳಗೆ ಒಂದು ನಂಬರ್. 0 ಅಂದರೆ ಖಾಲಿ ಬಾಟಲಿ, 1 ಅಂದರೆ ತುಂಬುತ್ತಿದೆ, 2 ಅಂದರೆ ತುಂಬಿದೆ, 3 ಅಂದರೆ ಬೇಡದ್ದು, ಹೊರಗೆ ತಳ್ಳಬೇಕು. ಕನ್ವೇಯರ್ ಒಂದು ಹೆಜ್ಜೆ ಮುಂದೆ ಹೋದರೆ ನಂಬರುಗಳೂ ಒಂದು ಡಬ್ಬಿ ಮುಂದೆ ಜರುಗುತ್ತವೆ. ಬಾಟಲಿ ಮತ್ತು ನಂಬರ್ ಜೊತೆಜೊತೆಯಾಗಿ ನಡೆಯುವವರೆಗೆ ಎಲ್ಲ ಸರಿ.

ಹೋಲ್ಡ್ ತೆಗೆದುಕೊಳ್ಳಿ. ಕ್ಯಾಪರ್‌ನ ಹಾಪರ್‌ನಲ್ಲಿ ಮುಚ್ಚಳ ಮುಗಿಯುತ್ತಾ ಬಂತು, ಸೆನ್ಸರ್ ಹೇಳಿತು. ಮೆಷಿನ್ ಎಕ್ಸಿಕ್ಯೂಟ್‌ನಿಂದ ಹೋಲ್ಡಿಂಗ್‌ಗೆ ಹೋಗುತ್ತದೆ. ಅಲ್ಲಿ ಏನೇನು ಮಾಡಬೇಕು? ಮೊದಲು ಒಳಬರುವ ಗೇಟ್ ಮುಚ್ಚಬೇಕು. ನಾಝಲ್ ಕೆಳಗಿರುವ ಎಂಟು ಬಾಟಲಿಗಳು ಪೂರ್ತಿ ತುಂಬುವವರೆಗೆ ಕಾಯಬೇಕು. ನಾಝಲ್ ಮೇಲೆತ್ತಬೇಕು. ಕನ್ವೇಯರ್ ನಿಲ್ಲಬೇಕು. ಎಲ್ಲ ಆದ ಮೇಲೆ ಎಸ್‌ಸಿ, ಆಮೇಲೆ ಹೆಲ್ಡ್. ಈಗ ಒಳಗೆ ಅರೆತುಂಬಿದ ಬಾಟಲಿ ಒಂದೂ ಇಲ್ಲ. ರಿಜಿಸ್ಟರ್‌ನಲ್ಲಿ ಇರುವ ನಂಬರುಗಳೆಲ್ಲ ನಿಜ. ಆಪರೇಟರ್ ಮುಚ್ಚಳ ಸುರಿದು ಅನ್‌ಹೋಲ್ಡ್ ಕೊಟ್ಟರೆ ಮೆಷಿನ್ ಅನ್‌ಹೋಲ್ಡಿಂಗ್ ದಾಟಿ ನೇರ ಎಕ್ಸಿಕ್ಯೂಟ್‌ಗೆ ಬರುತ್ತದೆ, ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ರೀಸೆಟ್ ಬೇಕಾಗಿಲ್ಲ.

ಇಲ್ಲೇ ಒಂದು ಮಾತು. ತೊಂದರೆ ನಮ್ಮ ಮೆಷಿನ್‌ನೊಳಗೇ ಇದ್ದರೆ ಹೋಲ್ಡ್. ಹಿಂದಿನ ಮೆಷಿನ್ ಬಾಟಲಿ ಕಳಿಸುತ್ತಿಲ್ಲ, ಮುಂದಿನ ಮೆಷಿನ್ ತುಂಬಿ ನಿಂತಿದೆ ಅಂದರೆ ಅದಕ್ಕೆ ಸಸ್ಪೆಂಡ್ ಅಂತ ಬೇರೆ ದಾರಿ ಇದೆ. ಎರಡೂ ನೆನಪು ಉಳಿಸಿಕೊಂಡೇ ನಿಲ್ಲುತ್ತವೆ. ಎರಡನ್ನೂ ಬೆರೆಸಿಬಿಟ್ಟರೆ ಲೈನ್ ನಿಂತದ್ದು ಯಾರಿಂದ ಅಂತ ಆಮೇಲೆ ಲೆಕ್ಕ ಹಾಕಲು ಆಗುವುದಿಲ್ಲ.

ಹೋಲ್ಡಿಂಗ್‌ನಲ್ಲಿ ಒಂದು ಅಪಾಯ ಇದೆ. ಒಂದು ನಾಝಲ್‌ನ ಪೈಪಿನಲ್ಲಿ ಗಾಳಿ ಸೇರಿಕೊಂಡಿತು ಅಂದುಕೊಳ್ಳಿ. ಫ್ಲೋಮೀಟರ್ ಲೆಕ್ಕ ಮುಂದೆ ಹೋಗುವುದಿಲ್ಲ, ಬಾಟಲಿ ತುಂಬಿತು ಅಂತ ಅದು ಹೇಳುವುದೂ ಇಲ್ಲ. ಎಸ್‌ಸಿ ಬರುವುದಿಲ್ಲ. ಮೆಷಿನ್ ಹೋಲ್ಡಿಂಗ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಪರೇಟರ್ ಅನ್‌ಹೋಲ್ಡ್ ಎಷ್ಟು ಸಲ ಒತ್ತಿದರೂ ಏನೂ ಆಗುವುದಿಲ್ಲ, ಯಾಕೆಂದರೆ ಅನ್‌ಹೋಲ್ಡ್ ನಡೆಯುವುದು ಹೆಲ್ಡ್‌ನಲ್ಲಿ ಮಾತ್ರ. ಪರದೆಯಲ್ಲಿ `Status.StateCurrent` ನೋಡಿದರೆ ಹೋಲ್ಡಿಂಗ್‌ನ ನಂಬರ್ 10 ಅಂತ ನಿಂತೇ ಇರುತ್ತದೆ. ಹೆಲ್ಡ್‌ನ ನಂಬರ್ 11 ಬರಬೇಕಿತ್ತು. ಹೀಗಾಗಿ ಕೆಲಸ ಮಾಡುವ ಜಾತಿಯ ಪ್ರತಿ ಸ್ಥಿತಿಗೂ ಒಂದು ಟೈಮರ್ ಇಡಿ. ಬಾಟಲಿ ತುಂಬಲು ನಾಲ್ಕು ಸೆಕೆಂಡ್ ಸಾಕು ಅಂದರೆ ಹೋಲ್ಡಿಂಗ್‌ಗೆ ಹದಿನೈದು ಸೆಕೆಂಡ್ ಕೊಡಿ. ದಾಟಿದರೆ ಯಾವ ಹೆಜ್ಜೆಯಲ್ಲಿ ನಿಂತಿದೆ ಅಂತ ಅಲಾರಂನಲ್ಲಿ ಬರೆದು ಅಬಾರ್ಟ್‌ಗೆ ಕಳಿಸಿ.

ಹೆಲ್ಡ್‌ನಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವುದಕ್ಕೆ ಪ್ಯಾಕ್‌ಎಂಎಲ್ ಏನೂ ಹೇಳುವುದಿಲ್ಲ. ಅದನ್ನು ಒಳಗಿರುವ ಪದಾರ್ಥ ಹೇಳುತ್ತದೆ. ತುಂಬಿದ ಬಾಟಲಿ ಮುಚ್ಚಳವಿಲ್ಲದೆ ನಿಂತಿದೆ. ಬಿಸಿಯಾಗಿ ತುಂಬುವ ಪಾನೀಯವಾದರೆ ಕೆಲವೇ ನಿಮಿಷಗಳಲ್ಲಿ ಅದು ಬೇಡದ ಬಾಟಲಿ ಆಗಬಹುದು. ಆ ಗಡುವನ್ನು ಗುಣಮಟ್ಟ ನೋಡುವವರಿಂದ ಕೇಳಿ ಪ್ರೋಗ್ರಾಂನಲ್ಲಿ ಹಾಕಬೇಕು. ಗಡುವು ದಾಟಿದ ಬಾಟಲಿಗಳ ನಂಬರ್ 3 ಆಗಬೇಕು. ನೆನಪು ಸರಿಯಿದ್ದರೂ ಬಾಟಲಿ ಹಾಳಾಗಿರಬಹುದು, ಅಲ್ವಾ?

ಸ್ಟಾಪ್ ಬೇರೆ ಥರ. ಇಲ್ಲಿ ಮೆಷಿನ್ ನಿಧಾನವಾಗಿ, ಕ್ರಮವಾಗಿ ನಿಲ್ಲುತ್ತದೆ, ಆದರೆ ಬಿಟ್ಟ ಜಾಗದಿಂದ ಮುಂದುವರಿಯುವ ಮಾತಿಲ್ಲ. ಸ್ಟಾಪ್ಡ್‌ನಿಂದ ನೇರವಾಗಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ರೀಸೆಟ್ ಕೊಡಬೇಕು, ರೀಸೆಟಿಂಗ್ ನಡೆಯಬೇಕು, ಐಡಲ್‌ಗೆ ಬರಬೇಕು, ಆಮೇಲೆ ಸ್ಟಾರ್ಟ್. ಹೊಸಬರು ಇದನ್ನು ಸುಮ್ನೆ ಒಂದು ಗುಂಡಿ ಜಾಸ್ತಿ ಅಂದುಕೊಳ್ಳುತ್ತಾರೆ. ಹಾಗಲ್ಲ. ನಿಂತಿದ್ದಾಗ ಯಾರೋ ಬಾಟಲಿ ತೆಗೆದಿರಬಹುದು, ಕನ್ವೇಯರ್ ಕೈಯಲ್ಲಿ ತಳ್ಳಿರಬಹುದು. ಹಳೆಯ ನೆನಪನ್ನು ಬಿಟ್ಟು ಮೆಷಿನ್ ತನ್ನನ್ನು ತಾನು ಮತ್ತೆ ಅರಿತುಕೊಳ್ಳುವ ಜಾಗ ರೀಸೆಟಿಂಗ್. ನಮ್ಮ ಮೆಷಿನ್‌ನಲ್ಲಿ ಅದು ಮೂರು ಕೆಲಸ ಮಾಡುತ್ತಿತ್ತು. ನಾಝಲ್‌ಗಳನ್ನು ಮೇಲಿನ ಹೋಮ್ ಜಾಗಕ್ಕೆ ತರುವುದು, ಒಳಗಿರುವ ಎಲ್ಲ ಬಾಟಲಿಗಳಿಗೂ 3 ಬರೆದು ಹೊರಗೆ ತಳ್ಳುವುದು, ರಿಜಿಸ್ಟರ್ ಖಾಲಿ ಮಾಡುವುದು. ಎಲ್ಲ ಸೇರಿ ಹನ್ನೆರಡು ಸೆಕೆಂಡ್.

ಇನ್ನು ಅಬಾರ್ಟ್. ಕಾವಲಿನ ಬಾಗಿಲು ತೆರೆಯಿತು, ಎಮರ್ಜೆನ್ಸಿ ಸ್ಟಾಪ್ ಒತ್ತಿದರು, ಸರ್ವೋ ಫಾಲ್ಟ್ ಆಯಿತು, ಇವೆಲ್ಲ ಅಬಾರ್ಟ್. ಯಾವ ಸ್ಥಿತಿಯಲ್ಲಿದ್ದರೂ ಮೆಷಿನ್ ಅಬಾರ್ಟಿಂಗ್‌ಗೆ ಹೋಗುತ್ತದೆ. ತುಂಬುತ್ತಿದ್ದ ಬಾಟಲಿ ಮುಗಿಯಲಿ ಅಂತ ಕಾಯುವುದಿಲ್ಲ. ವಾಲ್ವ್ ಮುಚ್ಚಿತು, ಬಾಟಲಿಯಲ್ಲಿ 213 ಮಿಲಿ ಇದೆ, ಅಷ್ಟೇ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಜೀವ ಕಾಯುವುದು ಪ್ಯಾಕ್‌ಎಂಎಲ್ ಅಲ್ಲ. ಬಾಗಿಲು ತೆರೆದ ತಕ್ಷಣ ಮೋಟರ್‌ನ ಶಕ್ತಿ ಕಡಿಯುವುದು ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ. ಅದು ನಮ್ಮ ಸ್ಥಿತಿ ಯಂತ್ರವನ್ನು ಕೇಳುವುದೂ ಇಲ್ಲ, ಕಾಯುವುದೂ ಇಲ್ಲ. ಅಬಾರ್ಟ್ ಅನ್ನುವುದು ನಡೆದದ್ದನ್ನು ಪ್ರೋಗ್ರಾಂನ ಉಳಿದ ಭಾಗಕ್ಕೆ ತಿಳಿಸುತ್ತದೆ. ಅಬಾರ್ಟ್ ಬರೆದಿದ್ದೇವೆ, ಇನ್ನು ಸೇಫ್ಟಿ ಆಯಿತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲೇ ತಡೆಯಿರಿ.

ಅಬಾರ್ಟೆಡ್‌ನಿಂದ ಹೊರಬರುವ ದಾರಿ ಉದ್ದ. ಮೊದಲು ಎಮರ್ಜೆನ್ಸಿ ಗುಂಡಿಯನ್ನು ತಿರುಗಿಸಿ ಬಿಡಿಸಬೇಕು. ಅದನ್ನು ಬಿಡಿಸಿದ್ದಷ್ಟಕ್ಕೇ ಮೆಷಿನ್ ಓಡಬಾರದು ಅನ್ನುವುದು `ISO 13850`ರ ನಿಯಮವೂ ಹೌದು. ಆಮೇಲೆ ಕ್ಲಿಯರ್. ಕ್ಲಿಯರಿಂಗ್‌ನಲ್ಲಿ ಫಾಲ್ಟ್‌ಗಳನ್ನು ಅಳಿಸಿ ಡ್ರೈವ್‌ಗಳಿಗೆ ಮತ್ತೆ ಶಕ್ತಿ ಕೊಡುತ್ತೇವೆ. ಅದು ಮುಗಿದರೆ ಸ್ಟಾಪ್ಡ್. ಅಲ್ಲಿಂದ ಮೊದಲಿನ ಹಾಗೆ ರೀಸೆಟ್, ಐಡಲ್, ಸ್ಟಾರ್ಟ್. ಕ್ಲಿಯರ್ ಮತ್ತು ರೀಸೆಟ್ ಎರಡನ್ನೂ ಒಂದೇ ಗುಂಡಿಗೆ ಕೊಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಕೊಡಬಹುದು. ಮೊದಲ ಸಲ ಒತ್ತಿದರೆ ಕ್ಲಿಯರ್, ಎರಡನೇ ಸಲ ರೀಸೆಟ್. ಗುಂಡಿ ಒಂದಾದರೂ ಸ್ಥಿತಿಗಳನ್ನು ಹಾರಿಸಬೇಡಿ. ಕ್ಲಿಯರಿಂಗ್‌ನ ಕೆಲಸ ತೊಂದರೆ ಕಳೆಯುವುದು, ರೀಸೆಟಿಂಗ್‌ನ ಕೆಲಸ ಬಾಟಲಿಗಳ ಲೆಕ್ಕ ಸರಿಮಾಡುವುದು.

ಈಗ ಎಂಟು ಬಾಟಲಿಗಳಿಗೆ ವಾಪಸ್ ಬರೋಣ. ಎರಡು ವಾರ ನಾಝಲ್ ಹಿಂದೆ ಬಿದ್ದ ಮೇಲೆ ಸ್ಥಿತಿ ಬದಲಾದಾಗೆಲ್ಲ ಸಮಯ ಬರೆದಿಡುವ ಒಂದು ಚಿಕ್ಕ ಲಾಗ್ ಹಾಕಿದೆ. ಬಾಟಲಿಗಳು ಹೊರಬಿದ್ದ ದಿನ ಅದರಲ್ಲಿ ಹೀಗಿತ್ತು:

```
10:42:07.310    6 -> 8
10:42:07.850    8 -> 9
10:44:31.120    9 -> 1
10:44:33.640    1 -> 2
10:44:40.200    2 -> 15
10:44:40.210   15 -> 4
10:44:52.900    4 -> 3
```

6 ಅಂದರೆ ಎಕ್ಸಿಕ್ಯೂಟ್. 8 ಅಬಾರ್ಟಿಂಗ್, 9 ಅಬಾರ್ಟೆಡ್. 1 ಕ್ಲಿಯರಿಂಗ್, 2 ಸ್ಟಾಪ್ಡ್, 15 ರೀಸೆಟಿಂಗ್, 4 ಐಡಲ್, 3 ಸ್ಟಾರ್ಟಿಂಗ್. ನಂಬರುಗಳು ಓಡುವ ಕ್ರಮದಲ್ಲಿ ಇಲ್ಲ, ಆದರೆ ಪ್ಯಾಕ್‌ಎಂಎಲ್‌ನಲ್ಲಿ ಅವು ಹಾಗೇ ಇವೆ.

ಕೊನೆಯಿಂದ ಎರಡನೇ ಸಾಲು ನೋಡಿ. ಹನ್ನೆರಡು ಸೆಕೆಂಡ್ ನಡೆಯಬೇಕಾದ ರೀಸೆಟಿಂಗ್ ಹತ್ತು ಮಿಲಿಸೆಕೆಂಡ್‌ನಲ್ಲಿ ಮುಗಿದಿದೆ. ನಮ್ಮ ಪ್ರೋಗ್ರಾಂ ಓಡುವ ಪಿಎಲ್‌ಸಿಯ ಒಂದು ಸ್ಕ್ಯಾನ್, ಅಂದರೆ ಪ್ರೋಗ್ರಾಂನ ಒಂದು ಸುತ್ತು, ಹತ್ತು ಮಿಲಿಸೆಕೆಂಡ್. ಅಂದರೆ ರೀಸೆಟಿಂಗ್‌ಗೆ ಕಾಲಿಟ್ಟ ಮರು ಸ್ಕ್ಯಾನ್‌ನಲ್ಲೇ ಮೆಷಿನ್ ಆಚೆ ಹೋಗಿದೆ. ನಾಝಲ್ ಹೋಮ್ ಆಗಿಲ್ಲ, ಬಾಟಲಿಗಳಿಗೆ 3 ಬಿದ್ದಿಲ್ಲ, ರಿಜಿಸ್ಟರ್ ಖಾಲಿಯಾಗಿಲ್ಲ. ಪರದೆ ಅಷ್ಟು ಬೇಗ ಬದಲಾಗದ ಕಾರಣ ಆಪರೇಟರ್ ಕಣ್ಣಿಗೆ ಅದು ಕಾಣುವುದೇ ಇಲ್ಲ. ಅವರು ನೋಡಿದ್ದು ಸ್ಟಾಪ್ಡ್, ಆಮೇಲೆ ಐಡಲ್. ಮೆಷಿನ್ ಬೇಗ ರೆಡಿಯಾಯಿತು ಅಂತ ಖುಷಿಯೇ ಆಗಿರಬೇಕು.

ಕಾರಣ ಎಸ್‌ಸಿ ಬಿಟ್. ಈ ಪ್ರೋಗ್ರಾಂನಲ್ಲಿ ಪ್ರತಿ ಸ್ಥಿತಿಯ ಕೋಡ್ ತನ್ನ ಕೆಲಸ ಮುಗಿದಾಗ ಎಸ್‌ಸಿ ಎತ್ತಿ, ಹೊರಡುವಾಗ ತಾನೇ ಇಳಿಸಬೇಕಿತ್ತು. ಸ್ಟಾಪಿಂಗ್ ಇಳಿಸುತ್ತಿತ್ತು. ಸ್ಟಾರ್ಟಿಂಗ್ ಇಳಿಸುತ್ತಿತ್ತು. ಕ್ಲಿಯರಿಂಗ್‌ನಲ್ಲಿ ಆ ಒಂದು ಸಾಲು ಬಿಟ್ಟುಹೋಗಿತ್ತು. ಕ್ಲಿಯರಿಂಗ್ ಮುಗಿದು ಸ್ಟಾಪ್ಡ್‌ಗೆ ಬಂದಾಗ ಎಸ್‌ಸಿ ಇನ್ನೂ ಎತ್ತಿದ ಹಾಗೇ ಇದೆ. ಸ್ಟಾಪ್ಡ್ ಕಾಯುವ ಸ್ಥಿತಿಯಾದ್ದರಿಂದ ಅಲ್ಲಿ ಎಸ್‌ಸಿಯನ್ನು ಯಾರೂ ನೋಡುವುದಿಲ್ಲ. ಆಪರೇಟರ್ ರೀಸೆಟ್ ಒತ್ತಿದ ಕೂಡಲೇ ರೀಸೆಟಿಂಗ್‌ಗೆ ಹೋದ ಮೆಷಿನ್, ಎಸ್‌ಸಿ ಇದೆಯಲ್ಲ, ಕೆಲಸ ಮುಗಿದಿದೆ ಅಂತ ತಿಳಿದು ಮುಂದೆ ಹೋಯಿತು.

ಹಾಗಾಗಿಯೇ ತಪ್ಪು ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣಿಸಿತು. ಸಾಮಾನ್ಯ ಸ್ಟಾಪ್ ಆದ ಮೇಲೆ ರೀಸೆಟಿಂಗ್ ಪೂರ್ತಿ ಹನ್ನೆರಡು ಸೆಕೆಂಡ್ ನಡೆಯುತ್ತಿತ್ತು. ಅಬಾರ್ಟ್ ಆದ ಮೇಲೆ ಮಾತ್ರ ಹಾರಿಹೋಗುತ್ತಿತ್ತು. ಅದೂ ಬಾಟಲಿ ತುಂಬುತ್ತಿರುವ ಹೊತ್ತಿಗೆ ಸರಿಯಾಗಿ ಅಬಾರ್ಟ್ ಆದರೆ ಮಾತ್ರ ಅರೆತುಂಬಿದ ಬಾಟಲಿ. ಎಂಟು ಬಾಟಲಿಗಳ ನಂಬರ್ 1ರಲ್ಲೇ ನಿಂತಿರುತ್ತಿತ್ತು. ಮತ್ತೆ ಓಡಿದಾಗ ಕ್ಯಾಪರ್ 3 ಇದ್ದದ್ದನ್ನು ಮಾತ್ರ ಬಿಡುತ್ತಿತ್ತು. 1 ಇದ್ದದ್ದಕ್ಕೆ ಮುಚ್ಚಳ ಹಾಕಿತು.

ಮರೆತ ಸಾಲನ್ನು ಸೇರಿಸಿದರೆ ಸಾಕಿತ್ತು. ಆದರೆ ಹತ್ತು ಜಾಗದಲ್ಲಿ ನೆನಪಿಟ್ಟು ಬರೆಯಬೇಕಾದ ಸಾಲನ್ನು ಯಾರಾದರೂ ಮತ್ತೆ ಮರೆಯುತ್ತಾರೆ. ಆದ್ದರಿಂದ ಎಲ್ಲ ಕಡೆಯಿಂದ ತೆಗೆದು ಒಂದೇ ಕಡೆ ಇಟ್ಟೆವು. ಸ್ಥಿತಿ ನಿರ್ಧರಿಸುವ ಕೋಡ್ ಆದ ತಕ್ಷಣ, ಪ್ರತಿ ಸ್ಥಿತಿಯ ಕೆಲಸದ ಕೋಡ್‌ಗಿಂತ ಮೊದಲು:

```
IF StateCurrent <> StateLast THEN
    SC := FALSE;
    Step := 0;
    StateLast := StateCurrent;
END_IF
```

ಸ್ಥಿತಿ ಯಾವುದರಿಂದ ಯಾವುದಕ್ಕಾದರೂ ಬದಲಾಗಲಿ, ಎಸ್‌ಸಿ ಇಳಿಯುತ್ತದೆ, ಹೆಜ್ಜೆಗಳ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಈ ತುಂಡು ಇರುವ ಜಾಗ ಮುಖ್ಯ. ಕೆಲಸದ ಕೋಡ್ ಆದ ಮೇಲೆ ಇಟ್ಟರೆ ಹೊಸ ಸ್ಥಿತಿಯ ಕೋಡ್ ಒಂದು ಸಲ ಹಳೆಯ ಹೆಜ್ಜೆ ನಂಬರಿನೊಂದಿಗೆ ಓಡಿಬಿಡುತ್ತದೆ.

ಇನ್ನೊಂದು ಬದಲಾವಣೆಯನ್ನೂ ಮಾಡಿದೆವು, ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಬಾಟಲಿ ಅರೆತುಂಬಿದೆ ಅನ್ನುವುದು ಮೆಷಿನ್‌ಗೆ ಖಚಿತವಾಗಿ ಗೊತ್ತಿರುವ ಕ್ಷಣ ಯಾವುದು? ವಾಲ್ವ್ ಮುಚ್ಚಿದ ಕ್ಷಣ, ಅಂದರೆ ಅಬಾರ್ಟಿಂಗ್. ಅದನ್ನು ಬರೆದಿಡುವ ಕೆಲಸವನ್ನು ರೀಸೆಟಿಂಗ್‌ವರೆಗೆ ಮುಂದೂಡಿದ್ದೇ ಸರಿಯಿರಲಿಲ್ಲ. ಈಗ ಅಬಾರ್ಟಿಂಗ್‌ನ ಮೊದಲ ಹೆಜ್ಜೆಯಲ್ಲೇ 1 ಇದ್ದದ್ದೆಲ್ಲ 3 ಆಗುತ್ತದೆ. ಜೊತೆಗೆ ಕ್ಯಾಪರ್ 2 ಇದ್ದ ಬಾಟಲಿಗೆ ಮಾತ್ರ ಮುಚ್ಚಳ ಹಾಕುತ್ತದೆ. ಕೆಟ್ಟದ್ದನ್ನು ಬಿಡು ಅಂತ ಹೇಳುವ ಬದಲು ಒಳ್ಳೆಯದು ಅಂತ ಗೊತ್ತಿದ್ದದ್ದನ್ನು ಮಾತ್ರ ತಗೋ ಅಂತ ಹೇಳಿದೆವು. ಕರೆಂಟ್ ಹೋಗಿ ಬಂದಾಗಲೂ ಇದೇ ಲೆಕ್ಕ. ರಿಜಿಸ್ಟರ್ ಉಳಿಯುವ ಮೆಮೊರಿಯಲ್ಲಿದ್ದರೂ, ಕರೆಂಟ್ ಇಲ್ಲದಾಗ ಏನಾಯಿತೋ ಪಿಎಲ್‌ಸಿಗೆ ಗೊತ್ತಿಲ್ಲ. ಹಾಗಾಗಿ ನಾನು ಮೆಷಿನ್ ಅನ್ನು ಅಬಾರ್ಟೆಡ್‌ನಲ್ಲೇ ಎಬ್ಬಿಸುತ್ತೇನೆ, ಹಿಂದಿದ್ದ ಸ್ಥಿತಿಗೆ ಕಳಿಸುವುದಿಲ್ಲ.

ಮೋಡ್ ಬಗ್ಗೆಯೂ ಹೇಳಬೇಕು, ಚಿಕ್ಕದಾಗಿ. ಪ್ರೊಡಕ್ಷನ್, ಮೇಂಟೆನೆನ್ಸ್, ಮ್ಯಾನುಯಲ್ ಅಂತ ಮೋಡ್‌ಗಳಿವೆ. ಈಗ ಹೇಳಿದ ಸ್ಥಿತಿಗಳ ಚಿತ್ರ ಪ್ರತಿ ಮೋಡ್‌ಗೂ ಇರುತ್ತದೆ, ಬೇಡದ ಸ್ಥಿತಿಗಳನ್ನು ಆ ಮೋಡ್‌ನಲ್ಲಿ ತೆಗೆದುಹಾಕಬಹುದು. ಯಾವ ಸ್ಥಿತಿಯಲ್ಲಿ ಮೋಡ್ ಬದಲಿಸಲು ಬಿಡಬೇಕು ಅನ್ನುವುದನ್ನು ಮೆಷಿನ್ ಕಟ್ಟುವವರೇ ತೀರ್ಮಾನಿಸಬೇಕು. ನಾನು ಸ್ಟಾಪ್ಡ್, ಐಡಲ್, ಅಬಾರ್ಟೆಡ್ ಈ ಮೂರರಲ್ಲಿ ಮಾತ್ರ ಬಿಡುತ್ತೇನೆ. ಹೆಲ್ಡ್‌ನಲ್ಲಿ ಬಿಡುವುದಿಲ್ಲ. ಮುಚ್ಚಳ ಮುಗಿದು ಹೆಲ್ಡ್‌ನಲ್ಲಿದ್ದಾಗ ಆಪರೇಟರ್ ಮ್ಯಾನುಯಲ್‌ಗೆ ಹೋಗಿ ಕನ್ವೇಯರ್ ಅನ್ನು ಎರಡು ಹೆಜ್ಜೆ ಹಿಂದಕ್ಕೆ ಜಾಗ್ ಮಾಡಿದರು ಅಂದುಕೊಳ್ಳಿ. ಬಾಟಲಿಗಳು ಜರುಗಿದವು, ನಂಬರುಗಳು ಜರುಗಲಿಲ್ಲ. ವಾಪಸ್ ಬಂದು ಅನ್‌ಹೋಲ್ಡ್ ಕೊಟ್ಟರೆ ತುಂಬಿದ ಬಾಟಲಿಯನ್ನು ಖಾಲಿ ಅಂತ ತಿಳಿದು ಮತ್ತೆ ತುಂಬುತ್ತದೆ. ನೆಲವೆಲ್ಲ ಒದ್ದೆ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ಸರ್, ಹೆಲ್ಡ್‌ನಲ್ಲಿ ಮೆಷಿನ್ ನಿಂತೇ ಇರುತ್ತಲ್ಲ, ಆಗ ಬಾಗಿಲು ತೆಗೆದು ಬಿದ್ದ ಬಾಟಲಿ ಎತ್ತಬಹುದಾ?" ಅಂತ ಅವರು ಕೇಳಿದರು.

ಹೆಲ್ಡ್ ಅಂದಷ್ಟಕ್ಕೇ ಕೈ ಹಾಕಬಾರದು. ಡ್ರೈವ್‌ಗಳಲ್ಲಿ ಇನ್ನೂ ಶಕ್ತಿ ಇದೆ, ನಿಂತಿರುವುದು ಪ್ರೋಗ್ರಾಂ ಹೇಳಿದ್ದಕ್ಕೆ ಮಾತ್ರ. ಬಾಗಿಲು ತೆಗೆದರೆ ಸೇಫ್ಟಿ ಸರ್ಕ್ಯೂಟ್ ಶಕ್ತಿ ಕಡಿಯುತ್ತದೆ, ನಮ್ಮ ಮೆಷಿನ್ ಹೆಲ್ಡ್‌ನಿಂದಲೂ ಅಬಾರ್ಟ್‌ಗೆ ಹೋಗುತ್ತದೆ. ಅನ್‌ಹೋಲ್ಡ್ ಮಾಡಿ ಮುಂದುವರಿಯುವ ದಾರಿ ಅಲ್ಲಿಗೆ ಮುಚ್ಚಿತು. ಬೇರೆ ಥರವೂ ಮಾಡಬಹುದು. ಬಾಗಿಲಿಗೆ ಬೀಗದ ಸ್ವಿಚ್ ಹಾಕಿ, ಹೆಲ್ಡ್‌ನಲ್ಲಿ ಸೇಫ್ಟಿ ಪಿಎಲ್‌ಸಿ ಡ್ರೈವ್‌ಗಳ ಟಾರ್ಕ್ ಕಡಿದ ಮೇಲೆ ಮಾತ್ರ ಬೀಗ ಬಿಡುವ ಹಾಗೆ ಕಟ್ಟಬಹುದು. ಆದರೆ ಆಗ ಅನ್‌ಹೋಲ್ಡಿಂಗ್‌ಗೆ ಇನ್ನೊಂದು ಕೆಲಸ ಸೇರುತ್ತದೆ. ಬಾಗಿಲು ತೆರೆದಿತ್ತು ಅಂದರೆ ಒಳಗಿನ ಬಾಟಲಿಗಳನ್ನು ಸೆನ್ಸರ್ ಮುಂದೆ ಒಂದೊಂದಾಗಿ ಸಾಗಿಸಿ ನೋಡಬೇಕು. ರಿಜಿಸ್ಟರ್ ಬಾಟಲಿ ಇದೆ ಅನ್ನುವ ಜಾಗ ಖಾಲಿಯಿದ್ದರೆ, ಅಥವಾ ಖಾಲಿ ಅನ್ನುವ ಜಾಗದಲ್ಲಿ ಬಾಟಲಿ ಇದ್ದರೆ, ಅಲ್ಲೇ ನಿಲ್ಲಿಸಿ ಸ್ಟಾಪ್‌ಗೆ ಕಳಿಸಬೇಕು. ಆ ಪರೀಕ್ಷೆ ಬರೆಯಲು ಸಮಯ ಇಲ್ಲ ಅಂದರೆ ಬಾಗಿಲು ತೆರೆದಾಗ ಅಬಾರ್ಟ್ ಆಗುವ ಹಾಗೇ ಬಿಡಿ, ಮುಚ್ಚಳದ ಹಾಪರ್ ಅನ್ನು ಕಾವಲಿನ ಹೊರಗಿಂದ ತುಂಬುವ ಹಾಗೆ ಇಡಿ. ಆ ಫಿಲ್ಲಿಂಗ್ ಮೆಷಿನ್‌ನಲ್ಲಿ ನಾವು ಮಾಡಿದ್ದು ಅದನ್ನೇ.